ಪಂಚಾಯಿತಿ ಎಂಟು ಸಲ ಬಂತು, ಬರೆಯುವುದು ಏನು?

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಜೆರಾಕ್ಸ್ ಅಂಗಡಿಗಳಲ್ಲಿ ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕಟ್ಟುಗಟ್ಟಲೆ ಪ್ರತಿ ಮಾಡಿಸಿಕೊಂಡು ಹೋಗುವವರಿದ್ದಾರೆ. ಮನೆಗೆ ಹೋಗಿ ಹೈಲೈಟರ್ ಹಿಡಿದು ‘ಪಂಚಾಯತ್ ರಾಜ್: ಎಂಟು ಸಲ’ ಎಂದು ಬರೆದಿಟ್ಟುಕೊಳ್ಳುತ್ತಾರೆ. ಆ ಲೆಕ್ಕದಿಂದ ಏನು ಓದಬೇಕು ಎಂದು ತಿಳಿಯುತ್ತದೆ, ಏನು ಬರೆದು ಅಭ್ಯಾಸ ಮಾಡಬೇಕು ಎಂದು ತಿಳಿಯುವುದಿಲ್ಲ. ಯುಪಿಎಸ್‌ಸಿ ಸಾಮಾನ್ಯ ಅಧ್ಯಯನ ಎರಡನೆಯ ಪತ್ರಿಕೆಯ ಈ ಒಂದೇ ವಿಷಯವನ್ನು ಹಿಡಿದು, ಮುಂದಿನ ಕೆಲಸ ಹೇಗೆಂದು ನೋಡೋಣ.

ಮೊದಲಿಗೆ 2013ರಿಂದ ಈಚಿನ ಪತ್ರಿಕೆಗಳನ್ನು ಮಾತ್ರ ಆಯೋಗದ ಜಾಲತಾಣದಿಂದ ಇಳಿಸಿಕೊಳ್ಳಿ. ಆ ವರ್ಷ ಪಠ್ಯಕ್ರಮವೇ ಬದಲಾಯಿತು, ಹಿಂದಿನವನ್ನು ಸೇರಿಸಿದರೆ ಲೆಕ್ಕ ಕೆಡುತ್ತದೆ. ಕೆಎಎಸ್ ಪತ್ರಿಕೆಗಳಿಗೂ ಬೇರೆ ನೋಟ್‌ಬುಕ್ ಇಡಿ.

ಈಗ ಪ್ರತಿ ಪ್ರಶ್ನೆಗೂ ಒಂದು ಸಾಲು: ವರ್ಷ, ವಿಷಯ, ಕೋನ, ಆಜ್ಞಾಪದ. ಕೋನ ಎಂದರೆ ಪ್ರಶ್ನೆ ಆ ವಿಷಯದ ಯಾವ ಮಗ್ಗುಲನ್ನು ಕೆದಕುತ್ತಿದೆ ಎಂಬುದು. ಆಜ್ಞಾಪದ ಎಂದರೆ ‘ವಿವರಿಸಿ’, ‘ಪರಿಶೀಲಿಸಿ’ ಎಂಬಂತೆ ಉತ್ತರದಲ್ಲಿ ಏನು ಮಾಡಬೇಕೆಂದು ಹೇಳುವ ಪದ. 2015 ಮತ್ತು 2017ರ ಪ್ರಶ್ನೆಗಳು, ಸ್ಥಳೀಯ ಸರ್ಕಾರ ಪರಿಣಾಮಕಾರಿ ಆಡಳಿತದ ಸಾಧನ ಆಗಲಿಲ್ಲ ಎಂಬ ಹೇಳಿಕೆಯನ್ನು ಮುಂದಿಟ್ಟು ವಿಮರ್ಶೆ ಕೇಳಿದವು. 2018 ಹಣದ ಮೂಲ ಕೇಳಿತು. 2019 ಮಹಿಳಾ ಮೀಸಲಾತಿ ರಾಜಕಾರಣದ ಪುರುಷಪ್ರಧಾನ ಗುಣವನ್ನು ಎಷ್ಟು ಅಲುಗಿಸಿತು ಎಂದು ಕೆದಕಿತು. 2020 ಸಂಸ್ಥೆಗಳ ಕಾರ್ಯಶೀಲತೆಯ ಸವಾಲುಗಳಿಗೆ ಬಂತು. 2022 ಅಧಿಕಾರ ವಿಕೇಂದ್ರೀಕರಣ ತಳಮಟ್ಟದ ಆಡಳಿತವನ್ನು ‘ಎಷ್ಟರಮಟ್ಟಿಗೆ’ ಬದಲಿಸಿತು ಎಂದು ಅಳೆಯಲು ಹೇಳಿತು. 2023 ನಗರ ಸಂಸ್ಥೆಗಳಿಗೆ ಅಧಿಕಾರ ಕೊಡಲು ರಾಜ್ಯಗಳ ಹಿಂಜರಿಕೆಯನ್ನೂ 2024 ಗ್ರಾಮೀಣ, ನಗರ ಸಂಸ್ಥೆಗಳ ವಿಲೀನದ ಸಾಧಕ ಬಾಧಕಗಳನ್ನೂ ಕೇಳಿದವು. ವಿಷಯ ಒಂದೇ, ಎಂಟು ಸಾಲು ಬರೆದ ಮೇಲೆ ಅದು ಒಂದೇ ಆಗಿ ಕಾಣುವುದಿಲ್ಲ.

ಆಜ್ಞಾಪದದ ಕಾಲಂ ಕನ್ನಡದಲ್ಲಿ ಬರೆಯುವವರಿಗೆ ಹೆಚ್ಚು ಮುಖ್ಯ. ಈ ಪತ್ರಿಕೆ ಅಚ್ಚಾಗುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ‘ಕ್ರಿಟಿಕಲಿ ಎಗ್ಸಾಮಿನ್’ ಎಂಬುದನ್ನು ‘ವಿವರಿಸಿ’ ಎಂದು ಮನಸ್ಸಿನಲ್ಲೇ ಅನುವಾದಿಸಿಕೊಂಡರೆ ಅಲ್ಲಿಗೆ ಉತ್ತರ ದಾರಿ ತಪ್ಪಿತು. ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂದರೆ ಹೇಳಿಕೆ ಎಲ್ಲಿ ಸರಿ, ಎಲ್ಲಿ ಸರಿಯಲ್ಲ ಎಂದು ಎರಡನ್ನೂ ತೂಗಿ ಒಂದು ತೀರ್ಮಾನಕ್ಕೆ ಬರಬೇಕು.

ನಮ್ಮ ಭಾಗದವರು ಎಡವುವ ಒಂದು ಜಾಗವನ್ನು ಹತ್ತಿರದಿಂದ ನೋಡಿ. 2018ರ ಪ್ರಶ್ನೆಯ ಎರಡನೆಯ ಭಾಗ ಕೇಳಿದ್ದು, ಸರ್ಕಾರಿ ಅನುದಾನದ ಹೊರತಾಗಿ ಪಂಚಾಯಿತಿಗಳು ಯಾವ ಮೂಲಗಳಿಂದ ಹಣ ಹೊಂದಿಸಬಹುದು ಎಂದು. ನಾನು ಓದಿದ ಹಲವು ಅಭ್ಯಾಸದ ಉತ್ತರಗಳಲ್ಲಿ 371ಜೆ ವಿಧಿಯೂ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಅರ್ಧ ಪುಟ ನುಂಗಿದ್ದವು. ಮಂಡಳಿಯ ಹಣವೂ ಸರ್ಕಾರದ ಹಣವೇ. ಪ್ರಶ್ನೆ ಅದನ್ನು ಬಾಗಿಲಲ್ಲೇ ತಡೆದಿದೆ. ಇಲ್ಲಿ ಬರಬೇಕಾದದ್ದು 243ಎಚ್ ವಿಧಿಯಡಿ ರಾಜ್ಯ ಶಾಸಕಾಂಗ ಒದಗಿಸಬಹುದಾದ ತೆರಿಗೆ ಅಧಿಕಾರ, ಮನೆ ತೆರಿಗೆ, ನೀರಿನ ಶುಲ್ಕ, ಸಂತೆಯ ಶುಲ್ಕ, ಪಂಚಾಯಿತಿ ಆಸ್ತಿಯ ಬಾಡಿಗೆ. ನಮ್ಮ ಊರಿನ ಉದಾಹರಣೆ ಕೊಡಬಾರದೆಂದಲ್ಲ. ಆಳಂದದ ಯಾವುದೋ ಪಂಚಾಯಿತಿ ಮಳಿಗೆಗಳ ಬಾಡಿಗೆ ವಸೂಲಿಯ ಬಗ್ಗೆ ನಿಮಗೆ ನಿಖರವಾಗಿ ಗೊತ್ತಿದ್ದರೆ ಅದು ಮಂಡಳಿಯ ಹೆಸರಿಗಿಂತ ಎಷ್ಟೋ ಮೇಲು.

ಅಭ್ಯಾಸದ ಯೋಜನೆ ಈ ಸಾಲುಗಳಿಂದಲೇ ಹುಟ್ಟುತ್ತದೆ. ಒಂದು ಪುಟದಲ್ಲಿ ವಿಷಯದ ಮೂಲ ಸಾಮಗ್ರಿ ಇರಲಿ: 73 ಮತ್ತು 74ನೇ ತಿದ್ದುಪಡಿ, ಹನ್ನೊಂದನೇ ಅನುಸೂಚಿಯ 29 ಬಾಬತ್ತುಗಳು, ರಾಜ್ಯ ಹಣಕಾಸು ಆಯೋಗದ 243ಐ, ಕರ್ನಾಟಕದ ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇ 50 ಮೀಸಲಾತಿ. ಮೊದಲ ದಿನ 2018ರ ಪ್ರಶ್ನೆ, ಎರಡು ದಿನ ಬಿಟ್ಟು 2023ರದ್ದು, ವಾರದ ಕೊನೆಗೆ 2022ರದ್ದು ಬರೆಯಿರಿ. ಮೂರಕ್ಕೂ ಅದೇ ಪುಟ ಸಾಕು, ಆದರೆ ಯಾವುದನ್ನು ಮುಂದಿಡಬೇಕು, ಯಾವುದನ್ನು ಕೈಬಿಡಬೇಕು ಎಂಬುದು ಪ್ರತಿ ಸಲವೂ ಬದಲಾಗಬೇಕು. ಮೂರು ಗಂಟೆಗೆ 20 ಪ್ರಶ್ನೆ ಇರುವುದರಿಂದ 10 ಅಂಕದ್ದಕ್ಕೆ ಏಳು, 15 ಅಂಕದ್ದಕ್ಕೆ ಹನ್ನೊಂದು ನಿಮಿಷ ಹಿಡಿಯಿರಿ. ಗಡಿಯಾರ ಮೊದಲ ದಿನದಿಂದಲೇ ಇರಲಿ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ನಾನು ನಂಬಿರುವ ಪರೀಕ್ಷೆ ಒಂದೇ. ಉತ್ತರದ ಮೇಲಿನ ಪ್ರಶ್ನೆಯನ್ನು ಕಾಗದದಿಂದ ಮುಚ್ಚಿ ಕೋಣೆಯ ಸಂಗಾತಿಗೆ ಕೊಡಿ. ಪ್ರಶ್ನೆ ಏನಿರಬಹುದು ಎಂದು ಕೇಳಿ. ‘ಅನುದಾನ ಬಿಟ್ಟು ಬೇರೆ ಆದಾಯದ ಬಗ್ಗೆ ಕೇಳಿರಬೇಕು’ ಎಂದರೆ ಗೆದ್ದಿರಿ. ‘ಪಂಚಾಯತ್ ರಾಜ್ ಬಗ್ಗೆ ಏನೋ’ ಎಂದರೆ ಆ ಸಾಲಿನ ಪಕ್ಕದಲ್ಲಿ ಒಂದು ಅಡ್ಡಗೆರೆ ಹಾಕಿ, ಮುಂದಿನ ವಾರ ಅದನ್ನೇ ಮತ್ತೆ ಬರೆಯಿರಿ. ಎಂಟು ಸಾಲುಗಳಲ್ಲಿ ಯಾವುದರ ಪಕ್ಕ ಅಡ್ಡಗೆರೆ ಹೆಚ್ಚಿದೆಯೋ ಅದೇ ನಿಮ್ಮ ಮುಂದಿನ ತಿಂಗಳ ವೇಳಾಪಟ್ಟಿ.