ಆನ್‌ಲೈನ್ ಅಂಗಡಿಯೋರ ಅಸಲಿ ಹೆಸರು, ವಿಳಾಸ ಕೇಳೋ ಲೆಟರ್ ಬರೆಯೋದು ಹೇಗೆ?

ಮಂಡ್ಯದ ಹತ್ರ ಇರೋ ನಮ್ಮ ಮಾವ ಗದ್ದೆಗೆ ಔಷಧಿ ಹೊಡಿಯೋಕೆ ಅಂತ ಒಂದು ವೆಬ್‌ಸೈಟಿಂದ 3,200 ರೂಪಾಯಿಗೆ ಬ್ಯಾಟರಿ ಸ್ಪ್ರೇಯರ್ ತರಿಸ್ಕೊಂಡ್ರು, ನಾಲ್ಕನೇ ದಿನಕ್ಕೆ ಮೋಟ್ರು ನಿಂತೋಯ್ತು. ವೆಬ್‌ಸೈಟಲ್ಲಿ ಬ್ರ್ಯಾಂಡ್ ಹೆಸರು, ಒಂದು ಇಮೇಲ್, ಒಂದು ವಾಟ್ಸಾಪ್ ನಂಬರ್, ಅಷ್ಟೇ. ಕನ್ಸ್ಯೂಮರ್ ಕೋರ್ಟಿಗೆ ಹಾಕ್ಬಿಡೋಣ ಕಣಪ್ಪ ಅಂದ್ರು, ಸರಿ, ಯಾರ ಮೇಲೆ ಹಾಕೋದು? ಬ್ರ್ಯಾಂಡ್ ಹೆಸರಿಗೆ ನೋಟಿಸ್ ಕಳ್ಸಿದ್ರೆ ತಗೊಳ್ಳೋಕೆ ಅಲ್ಲಿ ಯಾರೂ ಇರಲ್ಲ. ಅದಕ್ಕೇ ಮೊದ್ಲು ಈ ಲೆಟರ್.

ಮೊದಲು ಬಿಲ್ ತೆಗೀರಿ. ಅದ್ರಲ್ಲಿ 15 ಅಕ್ಷರದ ಜಿಎಸ್‌ಟಿ ನಂಬರ್ ಇದ್ರೆ ಅರ್ಧ ಕೆಲ್ಸ ಮುಗೀತು. ಮೊದಲ ಎರಡಂಕಿ ರಾಜ್ಯದ್ದು, ಕರ್ನಾಟಕ ಆದ್ರೆ 29, ಮಾವನ ಬಿಲ್ಲಲ್ಲಿ ಇದ್ದಿದ್ದು 24, ಅಂದ್ರೆ ಗುಜರಾತ್. ಆರನೇ ಅಕ್ಷರ P ಇದ್ರೆ ಒಬ್ಬರೇ ಮಾಲೀಕರು, C ಇದ್ರೆ ಕಂಪನಿ. gst.gov.in ಸೈಟಲ್ಲಿ Search Taxpayer ಒಳಗೆ ಆ ನಂಬರ್ ಹಾಕಿದ್ರೆ Legal Name ಮತ್ತೆ ವ್ಯಾಪಾರದ ಮುಖ್ಯ ಜಾಗ ಬರುತ್ತೆ. ಪಾರ್ಸಲ್ ಕವರ್ ಮೇಲಿರೋ ವಿಳಾಸ ನಂಬ್ಕೋಬೇಡಿ, ಎಷ್ಟೋ ಸಲ ಅದು ಬರೀ ಗೋಡೌನು.

ಇನ್ನು ಲೆಟರ್. ಬೈಯೋದು ಬೇಡ, ಕಥೆನೂ ಬೇಡ. ಆ ಕಡೆಯೋರು ಹೊರರಾಜ್ಯದವ್ರಾದ್ರೆ ಇದನ್ನೇ ಇಂಗ್ಲಿಷಲ್ಲಿ ಬರೀರಿ:

"ಇಂಥ ತಾರೀಕು, ಇಂಥ ಆರ್ಡರ್ ನಂಬರಲ್ಲಿ ನಿಮ್ಮಿಂದ ಬ್ಯಾಟರಿ ಸ್ಪ್ರೇಯರ್ ಕೊಂಡಿದ್ದೇನೆ, ಅದು ಕೆಟ್ಟಿದೆ. ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು, 2020ರ ನಿಯಮ 4ರ ಪ್ರಕಾರ ನಿಮ್ಮ ಕಾನೂನುಬದ್ಧ ಹೆಸರು, ಮುಖ್ಯ ಕಚೇರಿ ಮತ್ತು ಶಾಖೆಗಳ ವಿಳಾಸ, ಗ್ರಿವೆನ್ಸ್ ಆಫೀಸರ್ ಹೆಸರು, ಫೋನ್, ಇಮೇಲ್ ತಿಳಿಸಿ. ಈ ಪತ್ರವನ್ನೇ ನನ್ನ ದೂರು ಅಂತಲೂ ಪರಿಗಣಿಸಿ."

ಆ ಕೊನೇ ಸಾಲು ಬಿಡ್ಲೇಬೇಡಿ. ದೂರು ಅಂತ ಆದ್ಮೇಲೆ ಗ್ರಿವೆನ್ಸ್ ಆಫೀಸರ್ 48 ಗಂಟೇಲಿ ತಲುಪಿದೆ ಅನ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು, ದಿನ ಎಣಿಸೋಕೆ ನಿಮ್ಗೂ ಒಂದು ತಾರೀಕು ಸಿಗುತ್ತೆ.

ನೀವು ಕೊಂಡಿದ್ದು ಬೇರೆ ಬೇರೆ ಸೆಲ್ಲರ್‌ಗಳು ಮಾರೋ ದೊಡ್ಡ ಆ್ಯಪಲ್ಲಾದ್ರೆ ಲೆಟರ್ ಆ್ಯಪಿನೋರಿಗೇ ಬರೀರಿ, ಕೊಂಡೋರು ಬರವಣಿಗೇಲಿ ಕೇಳಿದ್ರೆ ಸೆಲ್ಲರ್ ವಿವರ ಕೊಡ್ಬೇಕು ಅಂತ ನಿಯಮ 5 ಹೇಳುತ್ತೆ.

ಇಮೇಲ್ ಮಾಡಿ, ಜೊತೆಗೆ ಜಿಎಸ್‌ಟಿ ವಿಳಾಸಕ್ಕೆ ಸ್ಪೀಡ್ ಪೋಸ್ಟೂ ಮಾಡಿ, ರಸೀದಿ ಇಟ್ಕೊಳ್ಳಿ. ವಾಟ್ಸಾಪಲ್ಲಿ ಮಾತ್ರ ಕಳ್ಸಿದ್ರೆ ನಾಳೆ ಬ್ಲಾಕ್ ಮಾಡ್ಬಿಡ್ತಾರೆ. ವೆಬ್‌ಸೈಟಿನ ಸ್ಕ್ರೀನ್‌ಶಾಟ್ ತಾರೀಕು ಸಮೇತ ಇವತ್ತೇ ತೆಗೀರಿ, ಲೆಟರ್ ಹೋದ್ಮೇಲೆ ಪೇಜ್ ಬದಲಾಗ್ಬೋದು. ಬಿಲ್ಲೇ ಕೊಡ್ದೆ ಯಾವ್ದೋ ಯುಪಿಐ ನಂಬರಿಗೆ ದುಡ್ಡು ಹಾಕಿಸ್ಕೊಂಡು ಮಾಯ ಆದೋರಿಗೆ ಈ ಲೆಟರ್ ನಾಟಲ್ಲ, ಅದು ಮೋಸದ ಕೇಸು, ತಡ ಮಾಡ್ದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮಾವಂಗೆ ಒಂಬತ್ತನೇ ದಿನ ಇಮೇಲ್ ಬಂತು, ಆಫೀಸರ್ ಹೆಸರು ಕೊಟ್ಟಿದ್ರು, ವಿಳಾಸ ಕೊಟ್ಟಿರ್ಲಿಲ್ಲ. ಗ್ರಾಹಕ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದೀವಿ. ತಿಂಗಳು ತುಂಬೋವರ್ಗೂ ನೋಡಿ, ಜಿಎಸ್‌ಟಿ ಸೈಟಲ್ಲಿ ಸಿಕ್ಕ ಹೆಸರು, ವಿಳಾಸನೇ ಹಾಕಿ ಮಂಡ್ಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡೋದು. ಕೊಂಡೋರು ಇರೋ ಊರಲ್ಲೇ ಹಾಕ್ಬೋದು, ಗುಜರಾತಿಗೆ ಹೋಗೋದೇನೂ ಬೇಡ, 5 ಲಕ್ಷದವರೆಗಿನ ಖರೀದಿಗೆ ಫೀಸೂ ಇಲ್ಲ.