ಕುಚ್ಚಿನ ಪಾಠದ ಫೈಲಿನೊಳಗೆ ತಂಗಿಯ ಮನೆ

ನನ್ನ ತಂಗಿ ಮೈಸೂರಿನಲ್ಲಿ ಸೀರೆಗೆ ಕುಚ್ಚು ಕಟ್ಟುವುದನ್ನು ಆನ್‌ಲೈನಿನಲ್ಲಿ ಕಲಿಸುತ್ತಾಳೆ. ಅವಳು ಮೊಬೈಲಿನಲ್ಲಿ ತೆಗೆದ ವಿಡಿಯೊಗಳನ್ನು ಡ್ರೈವ್‌ಗೆ ಏರಿಸಿ, ಹಣ ಕಟ್ಟಿದವರಿಗೆ ಲಿಂಕ್ ಕಳಿಸುವ ಕೆಲಸ ನನ್ನದು. ವಿಡಿಯೊದಲ್ಲಿ ಕಾಣುವುದು ಅವಳ ಎರಡು ಕೈ, ರೇಷ್ಮೆ ದಾರ ಮತ್ತು ಮೇಜಿನ ಹಾಸು ಮಾತ್ರ. ವಿಳಾಸವನ್ನು ಅವಳು ಯಾರಿಗೂ ಕೊಟ್ಟಿರಲಿಲ್ಲ. ಹೀಗಿರುವಾಗ ಒಬ್ಬ ವಿದ್ಯಾರ್ಥಿನಿ, "ಮೇಡಂ, ನಿಮ್ಮ ಮನೆ ನಮ್ಮ ಅತ್ತೆಯವರ ಬೀದಿಯಲ್ಲೇ ಇದೆಯಲ್ಲ!" ಎಂದು ಸಂತೋಷದಿಂದ ಸಂದೇಶ ಕಳಿಸಿದರು. ಅವರು ಮಾಡಿದ್ದಿಷ್ಟೇ: ಡೌನ್‌ಲೋಡ್ ಮಾಡಿದ ವಿಡಿಯೊವನ್ನು ಮೊಬೈಲಿನ ಗ್ಯಾಲರಿಯಲ್ಲಿ ತೆರೆದು, ಪರದೆಯನ್ನು ಮೇಲಕ್ಕೆ ಎಳೆದಿದ್ದರು. ಅಲ್ಲಿ ನಕ್ಷೆಯೊಂದು ತೆರೆದುಕೊಂಡಿತ್ತು.

ಕ್ಯಾಮೆರಾಗೆ ಲೊಕೇಶನ್ ಅನುಮತಿ ಕೊಟ್ಟಿದ್ದರೆ, ಚಿತ್ರೀಕರಣವಾದ ಸ್ಥಳದ ಅಕ್ಷಾಂಶ ಮತ್ತು ರೇಖಾಂಶ MP4 ಅಥವಾ MOV ಫೈಲಿನೊಳಗೆ, ಚಿತ್ರ ಮತ್ತು ಧ್ವನಿಯಿಂದ ಬೇರೆಯಾಗಿ, ಒಂದು ಸಣ್ಣ ಬರಹವಾಗಿ ಸೇರಿಕೊಳ್ಳುತ್ತದೆ. ಅದನ್ನು ನೋಡಲು ನಾನು ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಬಳಸಿದೆ.

```
exiftool -n -GPSCoordinates -CreateDate kuchu07.mp4
GPS Coordinates : 12.3052 76.6552
Create Date     : 2024:05:16 15:50:12
```

(ತಂಗಿಯ ಮನೆಯ ಅಂಕಿಗಳ ಬದಲು ಇಲ್ಲಿ ಅರಮನೆಯ ಅಂಕಿಗಳನ್ನು ಹಾಕಿದ್ದೇನೆ, ಅದರ ವಿಳಾಸ ಗುಟ್ಟೇನಲ್ಲ.) ದಶಾಂಶದ ನಾಲ್ಕನೆಯ ಅಂಕಿಯಲ್ಲಿ ಒಂದು ಹೆಚ್ಚು ಕಡಿಮೆಯಾದರೆ ನೆಲದ ಮೇಲೆ ಸುಮಾರು 11 ಮೀಟರ್ ವ್ಯತ್ಯಾಸ. ಅಂದರೆ ಅದು ಬಡಾವಣೆಯನ್ನಷ್ಟೇ ಅಲ್ಲ, ಒಂದೆರಡು ನಿವೇಶನಗಳನ್ನೇ ತೋರಿಸುವಷ್ಟು ಸೂಕ್ಷ್ಮ.

ಮನೆಯೊಳಗೆ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲವಲ್ಲ ಎಂದು ನಾನು ಮೊದಲು ಸಮಾಧಾನ ಮಾಡಿಕೊಂಡೆ. ಅದು ನಿಜವೂ ಹೌದು, ಒಂದೇ ವಿಡಿಯೊ ಇದ್ದರೆ. ನಮ್ಮಲ್ಲಿದ್ದ 18 ವಿಡಿಯೊಗಳನ್ನು ನಕ್ಷೆಯ ಮೇಲೆ ಗುರುತಿಸಿ ನೋಡಿದಾಗ ಚಿತ್ರ ಬೇರೆಯಾಯಿತು. ಮೂರರಲ್ಲಿ ಸ್ಥಳದ ಮಾಹಿತಿಯೇ ಇರಲಿಲ್ಲ. ಒಂದು ದೇವರಾಜ ಮಾರುಕಟ್ಟೆಯ ಹತ್ತಿರ ತೋರಿಸಿತು. ಅಂದು ಅವಳು ದಾರ ಕೊಂಡು ತಂದು, ಬಂದ ಕೂಡಲೇ ಚಿತ್ರೀಕರಣಕ್ಕೆ ಕುಳಿತಿದ್ದಳು, ಫೋನು ಇನ್ನೂ ಹಳೆಯ ಸ್ಥಳವನ್ನೇ ಹಿಡಿದುಕೊಂಡಿತ್ತು. ಉಳಿದ 14 ಬಿಂದುಗಳು ಒಂದೊಂದೂ ಹತ್ತಿಪ್ಪತ್ತು ಮೀಟರ್ ಅತ್ತಿತ್ತ ಸರಿದಿದ್ದರೂ, ಅವುಗಳ ನಡುವಣ ಬಿಂದು ಬಿದ್ದದ್ದು ಅವಳ ಮನೆಯ ಕಾಂಪೌಂಡಿಗೆ. ಒಂದೊಂದು ವಿಡಿಯೊದ ತಪ್ಪು ಒಂದೊಂದು ದಿಕ್ಕಿಗಿರುವುದರಿಂದ, ವಿಡಿಯೊಗಳು ಹೆಚ್ಚಾದಷ್ಟೂ ಆ ತಪ್ಪುಗಳು ಪರಸ್ಪರ ಕಳೆದುಹೋಗಿ ಮನೆ ಸ್ಪಷ್ಟವಾಗುತ್ತದೆ. ಅದು ಅಂಗಡಿಯಲ್ಲ, ಮನೆಯೇ ಎಂಬುದನ್ನು ಸಮಯ ಹೇಳುತ್ತದೆ. ಮೇಲಿನ 15:50 ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮಲ್ಲಿ ರಾತ್ರಿ 9:20.

ಇದು ಹೊಸ ಸಂಗತಿಯೇನಲ್ಲ. ಅಮೆರಿಕದ ಬರ್ಕ್ಲಿಯ ಸಂಶೋಧಕರಾದ ಜೆರಾಲ್ಡ್ ಫ್ರೀಡ್‌ಲ್ಯಾಂಡ್ ಮತ್ತು ರಾಬಿನ್ ಸಾಮರ್ 2010ರಲ್ಲೇ ಯೂಟ್ಯೂಬ್ ವಿಡಿಯೊಗಳ ಸ್ಥಳದ ಟ್ಯಾಗ್‌ಗಳನ್ನು ಹುಡುಕಿ, ಮನೆಯ ಹತ್ತಿರ ವಿಡಿಯೊ ತೆಗೆದವರು ಈಗ ದೂರದ ಊರಿನಲ್ಲಿದ್ದಾರೆ, ಅಂದರೆ ಮನೆ ಖಾಲಿಯಿರಬಹುದು, ಎಂದು ಊಹಿಸಲು ಸಾಧ್ಯವೆಂದು ತೋರಿಸಿದ್ದರು. ಈಗ ಯೂಟ್ಯೂಬ್ ನಾವು ಏರಿಸಿದ್ದನ್ನು ಮರು ಎನ್‌ಕೋಡ್ ಮಾಡಿ ತೋರಿಸುವುದರಿಂದ, ಮೂಲ ಫೈಲಿನ ಗುಪ್ತ ವಿವರ ನೋಡುಗರಿಗೆ ಸಿಗುವುದಿಲ್ಲ. ಆದರೆ ನಾವೇ ಹಾಕಿದ ಸ್ಥಳದ ಟ್ಯಾಗ್ ಎಲ್ಲರಿಗೂ ಕಾಣುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿ ವಿಡಿಯೊವಾಗಿ ಕಳಿಸಿದರೆ ವಿವರ ಉದುರುತ್ತದೆ, ಗುಣಮಟ್ಟ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೆಯೇ ಉಳಿಯುತ್ತದೆ. ಡ್ರೈವ್ ಲಿಂಕ್‌ನಿಂದ ಇಳಿಯುವುದೂ ಮೂಲ ಫೈಲೇ. ನಾವು ಎಡವಿದ್ದು ಅಲ್ಲಿ.

ಗ್ಯಾಲರಿಯಲ್ಲಿ ಟ್ರಿಮ್ ಮಾಡಿ ಹೊಸ ಹೆಸರಿನಲ್ಲಿ ಉಳಿಸಿದರೆ ಸಾಕೆಂದುಕೊಂಡೆ. ಪರೀಕ್ಷಿಸಿದಾಗ ಅಂಕಿಗಳು ಅಲ್ಲೇ ಇದ್ದವು. ಕೊನೆಗೆ ಎಫ್ಎಫ್ಎಂಪೆಗ್ ಎಂಬ ಉಚಿತ ವಿಡಿಯೊ ತಂತ್ರಾಂಶ ಬಳಸಿದೆ.

```
ffmpeg -i kuchu07.mp4 -map 0:v -map 0:a -map_metadata -1 -c copy patha07.mp4
```

ಇದು ಚಿತ್ರ ಮತ್ತು ಧ್ವನಿಯನ್ನು ಮುಟ್ಟದೆ ಹಾಗೆಯೇ ನಕಲಿಸುತ್ತದೆ, ಆದ್ದರಿಂದ ಗುಣಮಟ್ಟ ಇಳಿಯುವುದಿಲ್ಲ. ಗೋಪ್ರೊದಂಥ ಕ್ಯಾಮೆರಾಗಳು ಚಲನೆಯುದ್ದಕ್ಕೂ ಜಿಪಿಎಸ್ ದಾಖಲಿಸುವ ಪ್ರತ್ಯೇಕ ಟ್ರ್ಯಾಕ್ ಇಟ್ಟಿರುತ್ತವೆ. ಚಿತ್ರ, ಧ್ವನಿಗಳನ್ನಷ್ಟೇ ಆರಿಸುವ ಎರಡು `-map`ಗಳಿಂದ ಅದೂ ಹೊರಗುಳಿಯುತ್ತದೆ. ಹೊಸ ಫೈಲಿನ ಮೇಲೆ ಮತ್ತೆ ಎಕ್ಸಿಫ್‌ಟೂಲ್ ಓಡಿಸಿ, GPS ಸಾಲು ಮಾಯವಾಗಿದೆ ಎಂದು ಕಂಡ ಮೇಲೆಯೇ ಏರಿಸಿದೆ.

ಹಳೆಯ ಲಿಂಕ್‌ಗಳನ್ನು ಅಳಿಸಿದೆವು. ಆಗಲೇ ಡೌನ್‌ಲೋಡ್ ಆದ ಪ್ರತಿಗಳನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ತಂಗಿಯ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿಸಿದ್ದೆ. ನಾಲ್ಕು ತಿಂಗಳ ನಂತರ ಅವಳು ಹೊಸ ಫೋನ್ ಕೊಂಡು, ಕ್ಯಾಮೆರಾ ಮೊದಲ ಸಲ ಕೇಳಿದ ಅನುಮತಿಗೆ ಎಂದಿನಂತೆ 'ಸರಿ' ಒತ್ತಿದ್ದಳು. ಅದು ಗೊತ್ತಾದದ್ದು ಏರಿಸುವ ಮುನ್ನ ನಾನು ಎಕ್ಸಿಫ್‌ಟೂಲ್ ಓಡಿಸಿದ್ದರಿಂದ.