ಮಿಶ್ರಣದ ಲೆಕ್ಕದಲ್ಲಿ ಅನುಪಾತ ತಿರುವುಮುರುವಾಗದಂತೆ ಬಿಡಿಸುವುದು ಹೇಗೆ?

ಎರಡು ದರದ ವಸ್ತುಗಳನ್ನು ಯಾವ ಅನುಪಾತದಲ್ಲಿ ಬೆರೆಸಬೇಕೆಂದು ಕಂಡುಹಿಡಿಯುವ ಅಲಿಗೇಷನ್ ಲೆಕ್ಕಗಳಲ್ಲಿ ಕಳೆಯುವಾಗ ತಪ್ಪುವವರು ಕಡಿಮೆ. ವ್ಯತ್ಯಾಸಗಳು ಸರಿಯಾಗಿ ಬಂದಿರುತ್ತವೆ, ಅನುಪಾತವನ್ನು ಸುಲಭರೂಪಕ್ಕೆ ತಂದದ್ದೂ ಸರಿಯಾಗಿರುತ್ತದೆ. ಆದರೆ ಯಾವ ಸಂಖ್ಯೆ ಯಾವ ವಸ್ತುವಿಗೆ ಸೇರಬೇಕು ಎಂಬಲ್ಲಿ ಎಡವಿ, ಅಗ್ಗದ ವಸ್ತುವಿನ ಪಾಲನ್ನು ದುಬಾರಿ ವಸ್ತುವಿಗೆ ಬರೆದುಬಿಡುತ್ತಾರೆ. ಒಂದು ಲೆಕ್ಕವನ್ನು ಹಿಡಿದು ನೋಡೋಣ. ಕಿಲೋಗೆ 40ರ ದರದ ವಸ್ತುವನ್ನೂ 64ರ ದರದ ವಸ್ತುವನ್ನೂ ಬೆರೆಸಿ, ಕಿಲೋಗೆ 49 ಅಸಲು ಬೀಳುವ 32 ಕಿಲೋ ಮಿಶ್ರಣ ಮಾಡಬೇಕಾಗಿದೆ. ಅಗ್ಗದ್ದು ಎಷ್ಟು ಬೇಕು?

ಹಂತ 1: ಮೂರು ದರಗಳನ್ನು ಹೆಸರಿನ ಸಮೇತ ಏರಿಕೆಯ ಕ್ರಮದಲ್ಲಿ ಬರೆಯಿರಿ: ಅಗ್ಗ 40, ಮಿಶ್ರಣ 49, ದುಬಾರಿ 64. ಮಿಶ್ರಣದ ದರ ಉಳಿದೆರಡರ ನಡುವೆ ಇರದಿದ್ದರೆ ಪ್ರಶ್ನೆಯನ್ನು ಮತ್ತೊಮ್ಮೆ ಓದಬೇಕು. ಮಿಶ್ರಣವನ್ನು ಶೇಕಡಾ 20ರ ಲಾಭಕ್ಕೆ 58.80ರಂತೆ ಮಾರಲಾಗಿದೆ ಎಂದಿದ್ದರೆ, ಮೊದಲು ಅದನ್ನು 1.20ರಿಂದ ಭಾಗಿಸಿ 49 ಎಂಬ ಅಸಲನ್ನು ಪಡೆಯಬೇಕು. ಮಾರಾಟದ ದರವನ್ನು ನೇರವಾಗಿ ಬಳಸುವಂತಿಲ್ಲ.

ಹಂತ 2: ಕಳೆಯುವ ಮೊದಲೇ ಯಾವುದು ಹೆಚ್ಚು ಬೇಕೆಂದು ನಿರ್ಧರಿಸಿ. 40 ಮತ್ತು 64ರ ನಟ್ಟನಡುವಿನ ದರ 52. ನಮಗೆ ಬೇಕಾದ 49 ಅದಕ್ಕಿಂತ ಕೆಳಗಿದೆ, ಅಂದರೆ ಅಗ್ಗದ ಕಡೆಗೆ ವಾಲಿದೆ. ಆದ್ದರಿಂದ ಅಗ್ಗದ ವಸ್ತುವೇ ಹೆಚ್ಚಿರಬೇಕು. ‘ಅಗ್ಗ ಹೆಚ್ಚು’ ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ. ಈ ಎರಡು ಪದಗಳನ್ನು ಬರೆಯದೆ ಮುಂದಿನ ಹಂತಕ್ಕೆ ಹೋಗಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂತ 3: ವ್ಯತ್ಯಾಸಗಳನ್ನು ಓರೆಯಾಗಿ, ಅಂದರೆ ಒಂದರ ವ್ಯತ್ಯಾಸವನ್ನು ಇನ್ನೊಂದರ ಕೆಳಗೆ ಬರೆಯಿರಿ. ತಪ್ಪು ಹುಟ್ಟುವುದು ಇಲ್ಲಿಯೇ. 49ರಿಂದ 40 ಕಳೆದರೆ 9. ಈ 9 ಹುಟ್ಟಿದ್ದು ಅಗ್ಗದ ದರದಿಂದ, ಹಾಗಾಗಿ ಕೈ ತಾನಾಗಿಯೇ ಅದನ್ನು ಅಗ್ಗದ ಕೆಳಗೆ ಬರೆಯುತ್ತದೆ. 64ರಿಂದ 49 ಕಳೆದು ಬಂದ 15 ಅದೇ ರೀತಿ ದುಬಾರಿಯ ಕೆಳಗೆ ಇಳಿಯುತ್ತದೆ. ಆಗ ಅಗ್ಗ ಮತ್ತು ದುಬಾರಿಯ ಅನುಪಾತ 9:15, ಅಂದರೆ 3:5 ಆಗುತ್ತದೆ, ಸರಿಯಾದುದಕ್ಕೆ ತದ್ವಿರುದ್ಧ.

9 ಮತ್ತು 15 ಏನನ್ನು ಅಳೆಯುತ್ತವೆ ಎಂದು ತಿಳಿದರೆ ಈ ಗೊಂದಲ ಉಳಿಯುವುದಿಲ್ಲ. ಅವು ಪ್ರಮಾಣಗಳಲ್ಲ, ಪ್ರತಿ ಕಿಲೋದ ಕೊರತೆ ಮತ್ತು ಹೆಚ್ಚಳ. ಅಗ್ಗದ್ದು ಒಂದು ಕಿಲೋ ಸೇರಿದಾಗಲೆಲ್ಲ ಮಿಶ್ರಣದ ದರಕ್ಕೆ ಹೋಲಿಸಿದರೆ 9 ಕಡಿಮೆ ಬೀಳುತ್ತದೆ. ದುಬಾರಿಯದು ಒಂದು ಕಿಲೋ ಸೇರಿದಾಗಲೆಲ್ಲ 15 ಹೆಚ್ಚಾಗುತ್ತದೆ. ದರ 49ರಲ್ಲಿ ನಿಲ್ಲಬೇಕಾದರೆ ಒಟ್ಟು ಕೊರತೆ ಒಟ್ಟು ಹೆಚ್ಚಳಕ್ಕೆ ಸಮವಾಗಬೇಕು: ಅಗ್ಗದ ಕಿಲೋ × 9 = ದುಬಾರಿಯ ಕಿಲೋ × 15. ಒಂದೊಂದು ಕಿಲೋದಿಂದ ಬರುವ ಕೊರತೆ ಚಿಕ್ಕದಾದ್ದರಿಂದ ದುಬಾರಿಯ ಹೆಚ್ಚಳವನ್ನು ಸರಿದೂಗಿಸಲು ಅಗ್ಗದ ಕಿಲೋಗಳೇ ಹೆಚ್ಚು ಬೇಕು. ಹಾಗಾಗಿ 15 ಅಗ್ಗದ ಪಾಲು, 9 ದುಬಾರಿಯ ಪಾಲು, ಅನುಪಾತ 5:3. ‘ದೊಡ್ಡದರಿಂದ ಚಿಕ್ಕದನ್ನು ಕಳೆದು ಅನುಪಾತ ಬರೆಯಿರಿ’ ಎಂದಷ್ಟೇ ಹೇಳಿ ಮುಗಿಸುವ ಸೂತ್ರದ ಪುಸ್ತಕಗಳನ್ನು ನಂಬಬೇಡಿ, ಯಾವುದು ಯಾರ ಪಾಲು ಎಂಬ ಮುಖ್ಯ ವಿಷಯವನ್ನೇ ಅವು ಬಿಟ್ಟಿರುತ್ತವೆ. ಗೊಂದಲವಾದಾಗ ಓರೆಯಾಗಿ ಬರೆಯುವುದನ್ನು ಬಿಟ್ಟು ಮೇಲಿನ ಸಮೀಕರಣವನ್ನೇ ಬರೆಯುವುದು ಒಳ್ಳೆಯದು. ಅದಕ್ಕೆ ಹಿಡಿಯುವುದು ಒಂದೇ ಸಾಲು.

ಹಂತ 4: 5 ಮತ್ತು 3 ಸೇರಿ 8; 32ನ್ನು 8 ಭಾಗ ಮಾಡಿದರೆ ಒಂದು ಭಾಗಕ್ಕೆ 4, ಅಗ್ಗದ್ದು 20 ಕಿಲೋ, ದುಬಾರಿಯದು 12 ಕಿಲೋ.

ಹಂತ 5: ಬೆಲೆಯಿಂದಲೇ ತಾಳೆ ನೋಡಿ. ಎರಡು ಪ್ರಮಾಣಗಳನ್ನು ಕೂಡಿ 32 ಬಂತೆಂದು ತೃಪ್ತಿಪಡುವವರು ಬಹಳ ಮಂದಿ. ಅನುಪಾತ ತಿರುವುಮುರುವಾದರೂ ಮೊತ್ತ 32 ಆಗಿಯೇ ಇರುವುದರಿಂದ ಆ ಪರೀಕ್ಷೆಯಿಂದ ಈ ತಪ್ಪು ಹೊರಬೀಳದು. 20 × 40 = 800, 12 × 64 = 768; ಒಟ್ಟು 1568ನ್ನು 32ರಿಂದ ಭಾಗಿಸಿದರೆ 49. ಅಗ್ಗದ್ದು 12, ದುಬಾರಿಯದು 20 ಎಂದು ಬರೆದಿದ್ದರೆ ಒಟ್ಟು 1760 ಆಗಿ ದರ 55 ಬರುತ್ತಿತ್ತು. ಗಮನಿಸಿ: 49 ನಡುವಿನ ದರವಾದ 52ಕ್ಕಿಂತ 3 ಕೆಳಗಿದೆ, 55 ಅಷ್ಟೇ ಮೇಲಿದೆ. ಅನುಪಾತ ತಿರುಗಿದಾಗಲೆಲ್ಲ ದರ ಹೀಗೆ ನಡುವಿನ ಇನ್ನೊಂದು ಬದಿಗೆ ಅಷ್ಟೇ ದೂರ ಸರಿಯುತ್ತದೆ. ತಾಳೆ ನೋಡಿದಾಗ ಇಂಥ ಉತ್ತರ ಬಂದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಿಲ್ಲ, ಪಾಲುಗಳನ್ನು ಅದಲುಬದಲು ಮಾಡಿದರೆ ಸಾಕು.

ಒಟ್ಟು ತೂಕದ ಬದಲು ಒಂದೇ ವಸ್ತುವಿನ ತೂಕ ಕೊಟ್ಟಿರುವ ಪ್ರಶ್ನೆಗಳಲ್ಲಿ ಮಾತ್ರ ಅದಲುಬದಲು ನಡೆಯದು. ದುಬಾರಿಯದು 12 ಕಿಲೋ ಎಂದು ಕೊಟ್ಟಿದ್ದರೆ ಅಗ್ಗದ್ದು 20 ಕಿಲೋ ಆಗಬೇಕು; ತಿರುಗಿದ ಅನುಪಾತ 7.2 ಕಿಲೋ ಎನ್ನುತ್ತದೆ. ಅಲ್ಲಿ ಹಂತ 4ನ್ನು 5:3ರಿಂದ ಹೊಸದಾಗಿಯೇ ಮಾಡಬೇಕು.